ಪದಬಂಧದಲ್ಲಿ ಭೂರೂಪ

ಪ್ರೌಢಶಾಲೆಯ ಮಕ್ಕಳಿಗಾಗಿ ಮೂರೇ ಪದಗಳ ಬಂಧ. ಮನೆಗೊಂದು ಅಕ್ಷರ, ಒತ್ತಕ್ಷರ, ಅನುಸ್ವಾರಗಳಿಗೆ ಬೇರೆ ಮನೆಯಿಲ್ಲ.

ಎಡದಿಂದ ಬಲಕ್ಕೆ
1. ಸುತ್ತಲಿನ ನೆಲಕ್ಕಿಂತ ಎತ್ತರ, ಮೇಲ್ಭಾಗ ಹೆಚ್ಚುಕಡಿಮೆ ಸಮತಟ್ಟು. ದಖ್ಖನ್ ಇಂಥದ್ದು (4)
3. ಎರಡು ಸಾಗರಭಾಗಗಳನ್ನು ಕೂಡಿಸುವ ಕಿರಿದಾದ ನೀರು; ಭಾರತ–ಶ್ರೀಲಂಕಾ ನಡುವಿನ ಪಾಕ್ (4)

ಮೇಲಿನಿಂದ ಕೆಳಕ್ಕೆ
2. ಎರಡು ದೊಡ್ಡ ಭೂಭಾಗಗಳನ್ನು ಕೂಡಿಸುವ ಕಿರಿದಾದ ನೆಲ, ಪನಾಮಾ (3)

ಒಂದರ ಮೂರನೆಯ ಮನೆಯಿಂದ ಎರಡು ಇಳಿಯುತ್ತದೆ. ಎರಡರ ಕೊನೆಯ ಮನೆಯೇ ಮೂರರ ಕೊನೆಯದು.

ಹೆಚ್ಚಿನವರು ಎಡವುವುದು ಎರಡರಲ್ಲಿ. ‘ಭೂ’ ಸಿಕ್ಕ ಕೂಡಲೇ ‘ಭೂಶಿರ’ ಬರೆಯುವ ಆಸೆ. ಅದಕ್ಕೂ ಮೂರೇ ಅಕ್ಷರ. ಆದರೆ ಭೂಶಿರ ಕನ್ಯಾಕುಮಾರಿಯಂತೆ ಕಡಲಿಗೆ ಚಾಚಿದ ನೆಲ, ಏನನ್ನೂ ಕೂಡಿಸುವುದಿಲ್ಲ. ಮೂರನೆಯ ಉತ್ತರ ‘ರ’ದಲ್ಲಿ ಮುಗಿಯದಾಗ ತಪ್ಪು ಹೊರಬೀಳುತ್ತದೆ.

ಉತ್ತರ: 1. ಪ್ರಸ್ಥಭೂಮಿ 2. ಭೂಸಂಧಿ 3. ಜಲಸಂಧಿ