ಗಂಟೆಲ್ಲ ಮೂಲವ್ಯಾಧಿಯಲ್ಲ

ಆಟೋ ಓಡಿಸುವ, ನಲವತ್ತರ ಆಸುಪಾಸಿನ ಒಬ್ಬರು ಮೂರು ತಿಂಗಳಿಂದ ಪೈಲ್ಸ್ ಮುಲಾಮು ಹಚ್ಚುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಗುದದ್ವಾರದ ಬಳಿ ಬೆರಳಿಗೆ ಸಣ್ಣ ಗಂಟು ಸಿಗುತ್ತದೆ. ಮಲ ವಿಸರ್ಜಿಸುವಾಗ ಬ್ಲೇಡಿನಿಂದ ಕೊಯ್ದಂಥ ನೋವು, ಎದ್ದು ಬಂದ ಮೇಲೂ ಎರಡು ಗಂಟೆ ಉರಿ. ಆಟೋ ಸೀಟಿನ ಮೇಲೆ ಕೂರಲಾಗದು. ಮುಲಾಮಿನಿಂದ ಗುಣ ಕಾಣಲಿಲ್ಲ, ಏಕೆಂದರೆ ಇದು ಮೂಲವ್ಯಾಧಿಯೇ ಅಲ್ಲ, ಫಿಶರ್. ಅಂದರೆ ಗುದದ ಚರ್ಮದಲ್ಲಿ, ಹೆಚ್ಚಾಗಿ ಬೆನ್ನಿನ ಕಡೆ, ನಡುಮಧ್ಯದಲ್ಲಿ ಬಿಟ್ಟ ಬಿರುಕು. ಕೈಗೆ ಸಿಕ್ಕ ಗಂಟು, ಹಳೆಯ ಬಿರುಕಿನ ಅಂಚಿನಲ್ಲಿ ಬೆಳೆದ ಚರ್ಮ ಅಷ್ಟೆ.

ಮೂಲವ್ಯಾಧಿ ಬೇರೆಯದೇ ಕಥೆ. ಗುದನಾಳದ ಒಳಗಿರುವ ರಕ್ತನಾಳಗಳ ಮೆತ್ತೆಗಳು ಊದಿ ಕೆಳಗೆ ಜಾರುತ್ತವೆ. ಅಲ್ಲಿ ನೋವು ತಿಳಿಸುವ ನರಗಳಿಲ್ಲದ ಕಾರಣ ಕೆಂಪು ರಕ್ತ ತೊಟ್ಟಿಕ್ಕಿದರೂ ಸಾಮಾನ್ಯವಾಗಿ ನೋವಿರುವುದಿಲ್ಲ. ಹೊರಭಾಗದ ಮೊಳೆಯಲ್ಲಿ ರಕ್ತ ಹೆಪ್ಪುಗಟ್ಟಿದರೆ ಮಾತ್ರ ನೀಲಿ ಗಂಟು ಎದ್ದು ವಿಪರೀತ ನೋಯುತ್ತದೆ. ಒಳಮೊಳೆಗೆ ನಾಲ್ಕು ಹಂತ. ಮೊದಲನೆಯದರಲ್ಲಿ ಬರೀ ರಕ್ತ. ಎರಡನೆಯದರಲ್ಲಿ ಮೊಳೆ ಹೊರಬಂದು ತಾನಾಗಿ ಒಳಸೇರುತ್ತದೆ, ಮೂರನೆಯದರಲ್ಲಿ ಬೆರಳಿನಿಂದ ತಳ್ಳಬೇಕು, ನಾಲ್ಕನೆಯದರಲ್ಲಿ ತಳ್ಳಿದರೂ ಹೋಗದು.

ಎರಡಕ್ಕೂ ಮೊದಲ ಚಿಕಿತ್ಸೆ ಮಲ ಮೆತ್ತಗಾಗುವುದು. ದಿನಕ್ಕೆ 25ರಿಂದ 30 ಗ್ರಾಂ ನಾರು ಬೇಕು. ಪಾಲಿಶ್ ಅಕ್ಕಿಯ ಅನ್ನದಲ್ಲಿ ಅದು ತೀರಾ ಕಡಿಮೆ. ರಾಗಿಮುದ್ದೆ, ಕಾಳು, ಸೊಪ್ಪಿನ ಸಾರು ಒಳ್ಳೆಯದು. ಇಸಬಗೋಲ್ ತೆಗೆದುಕೊಳ್ಳುವವರು ನೀರು ಧಾರಾಳವಾಗಿ ಕುಡಿಯದಿದ್ದರೆ ಅದೇ ಮಲಬದ್ಧತೆ ತಂದೀತು. ನಾರನ್ನು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರ, ಆದ್ದರಿಂದ ವಾರಗಟ್ಟಲೆ ನಿಧಾನವಾಗಿ ಏರಿಸಬೇಕು. ಜೊತೆಗೆ ಅಗಲ ಬೇಸಿನ್ನಿನಲ್ಲಿ ಉಗುರುಬೆಚ್ಚಗಿನ ನೀರು ತುಂಬಿ ದಿನಕ್ಕೆ ಎರಡು ಮೂರು ಸಲ, ಮುಖ್ಯವಾಗಿ ಮಲ ವಿಸರ್ಜನೆಯಾದ ಮೇಲೆ, 10ರಿಂದ 15 ನಿಮಿಷ ಕೂರಬೇಕು. ಬಿಗಿದುಕೊಂಡ ಸ್ನಾಯು ಸಡಿಲುತ್ತದೆ. ಡೆಟ್ಟಾಲ್, ಉಪ್ಪು ಏನೂ ಹಾಕಬೇಕಿಲ್ಲ, ಸುಡುನೀರು ಬೇಡ.

ಹೊಸ ಬಿರುಕುಗಳಲ್ಲಿ ಬಹುಪಾಲು ಇಷ್ಟರಲ್ಲೇ ಕೂಡಿಕೊಳ್ಳುತ್ತವೆ. ಆರೆಂಟು ವಾರ ದಾಟಿದ ಬಿರುಕು ಹಟಮಾರಿ. ಒಳಸ್ನಾಯು ಬಿಗಿದು ಅಲ್ಲಿಗೆ ರಕ್ತವೇ ಸಾಕಷ್ಟು ಹರಿಯುವುದಿಲ್ಲ. ಅದನ್ನು ಸಡಿಲಿಸಲು ವೈದ್ಯರು ಡಿಲ್ಟಿಯಾಜೆಮ್ ಮುಲಾಮು ಬರೆಯುತ್ತಾರೆ. ಅದಕ್ಕೂ ಬಗ್ಗದಿದ್ದರೆ ಆ ಸ್ನಾಯುವಿನ ಒಂದು ಪಾಲನ್ನು ಕತ್ತರಿಸುವ ಸಣ್ಣ ಶಸ್ತ್ರಚಿಕಿತ್ಸೆ. ಹೆಚ್ಚಿನವರಿಗೆ ವಾಸಿಯಾಗುತ್ತದೆ, ಕೆಲವರಿಗೆ ಮಾತ್ರ ವಾಯು ತಡೆಹಿಡಿಯುವುದು ಕಷ್ಟವಾಗಬಹುದು ಎಂಬುದನ್ನು ಮೊದಲೇ ಕೇಳಿ ತಿಳಿದಿರಬೇಕು. ಮೂಲವ್ಯಾಧಿಯಲ್ಲಾದರೆ ನಾರಿಗೆ ಬಗ್ಗದ ಮೊದಲ ಹಂತಗಳಿಗೆ ರಬ್ಬರ್ ಬ್ಯಾಂಡ್ ಬಿಗಿಯುತ್ತಾರೆ, ದೊಡ್ಡ ಮೂರನೆಯ ಹಂತ ಮತ್ತು ನಾಲ್ಕನೆಯದಕ್ಕೆ ಶಸ್ತ್ರಚಿಕಿತ್ಸೆ.

ತೂಕ ಇಳಿಯುವುದು, ಮಲದ ರೀತಿ ಬದಲಾಗುವುದು, ರಕ್ತಹೀನತೆ, ಅಥವಾ 45 ದಾಟಿದವರಿಗೆ ಹೊಸದಾಗಿ ರಕ್ತ ಕಾಣುವುದು, ಇವುಗಳಲ್ಲಿ ಯಾವುದಿದ್ದರೂ ಮೊಳೆಯ ಮೇಲೆ ಆರೋಪ ಹೊರಿಸಿ ಸುಮ್ಮನಿರಬಾರದು. ಕೊಲೊನೋಸ್ಕೋಪಿ ಬೇಕಾಗಬಹುದು. ಬಿರುಕು ನಡುಮಧ್ಯ ಬಿಟ್ಟು ಪಕ್ಕದಲ್ಲಿದ್ದರೆ ಕ್ಷಯ ಅಥವಾ ಕ್ರೋನ್ಸ್ ಕಾಯಿಲೆ ಹುಡುಕುತ್ತಾರೆ.

ನಮ್ಮ ಆಟೋ ಚಾಲಕರಿಗೆ ಮುಲಾಮು, ಬೇಸಿನ್, ಮುದ್ದೆ ಸೇರಿ ಬಿರುಕು ಕೂಡಿಕೊಂಡಿತೆನ್ನಿ. ಆಗಲೂ ಆ ಗಂಟು ಹಾಗೇ ಉಳಿಯಬಹುದು. ಕಾಡದಿದ್ದರೆ ಅದನ್ನು ಕತ್ತರಿಸಬೇಕಾಗಿಲ್ಲ.