ಮುದ್ರೆ ಬಿದ್ದ ಕಾಗದ: ಚರಿತ್ರೆಯ ಒಗಟನ್ನು ಕಂತಾಗಿ ಬರೆಯುವ ಬಗೆ

ಮನೆಮಂದಿಯೆಲ್ಲ ಕೂಡಿ ಕೇಳುವ ಧಾರಾವಾಹಿಯನ್ನು ಬರೆಯುವವನಿಗೆ ಎರಡು ಸ್ಥಳಗಳು ಬಹು ಕಠಿನವಾದುವು. ಮೊದಲನೆಯದು, ಶೀರ್ಷಿಕೆಗೂ ಸಂಗೀತಕ್ಕೂ ಮುಂಚೆ, ಪೀಠಿಕೆಯಿಲ್ಲದೆ ನೇರವಾಗಿ ಘಟನೆಯ ನಡುವೆ ಕಾಲಿಡುವ ಪ್ರಾರಂಭ. ಇದನ್ನು ಕಸಬಿನವರು ಕೋಲ್ಡ್ ಓಪನ್ ಎನ್ನುತ್ತಾರೆ. ಎರಡನೆಯದು, ಮುಂದೇನಾಯಿತೆಂಬ ಕುತೂಹಲದಲ್ಲಿ ಕೇಳುಗನನ್ನು ನಿಲ್ಲಿಸಿ ಕಂತನ್ನು ಮುಗಿಸುವ ಕ್ಲಿಫ್‌ಹ್ಯಾಂಗರ್. ಕಟ್ಟುಕಥೆಯಲ್ಲಿ ಇವೆರಡನ್ನೂ ಮನಬಂದಂತೆ ಮಾಡಬಹುದು. ಆದರೆ ವಿಷಯವು ನಿಜವಾಗಿ ನಡೆದುದಾಗಿ, ನಿಜವಾದ ಒಬ್ಬ ಮನುಷ್ಯನ ಮರಣವು ಅದರಲ್ಲಿದ್ದರೆ, ಲೇಖಕನ ಕೈ ಕಟ್ಟಿದಂತೆಯೇ ಸರಿ. ಈ ಕಟ್ಟು ಎಷ್ಟು ಲಾಭಕರವೆಂಬುದನ್ನು ಒಂದು ನಿದರ್ಶನದಿಂದ ತೋರಿಸಬೇಕೆಂದು ನಾವು ಇಚ್ಛಿಸುತ್ತೇವೆ.

ನಿದರ್ಶನಕ್ಕೆ ದೂರ ಹೋಗಬೇಕಾಗಿಲ್ಲ. ಕಲಬುರಗಿಯಿಂದ ಕಪನೂರು, ಕಮಲಾಪುರಗಳನ್ನು ದಾಟಿ ಹುಮನಾಬಾದಿನ ಮೇಲೆ ಬೀದರಿಗೆ ಹೋಗುವವರು ಬಹಮನೀ ಅರಸರ ಮೊದಲ ರಾಜಧಾನಿಯಿಂದ ಎರಡನೆಯದಕ್ಕೇ ಹೋಗುತ್ತಾರೆ. 1347ರಲ್ಲಿ ಕಲಬುರಗಿಯಲ್ಲಿ ನೆಲೆಗೊಂಡ ಆ ರಾಜ್ಯವು 15ನೆಯ ಶತಮಾನದಲ್ಲಿ ಬೀದರಿಗೆ ಬಂದಿತು. ಅಲ್ಲಿ ಪ್ರಧಾನಿಯಾಗಿದ್ದ ಮಹಮೂದ ಗವಾನನು ಕಟ್ಟಿಸಿದ ಮದರಸಾ ಇಂದಿಗೂ ಉಂಟು. 1481ರ ಏಪ್ರಿಲ್ 5ರಂದು, ಎಪ್ಪತ್ತು ದಾಟಿದ ಈ ವೃದ್ಧನು ರಾಜದ್ರೋಹಿಯೆಂಬ ಆರೋಪದ ಮೇಲೆ ಸುಲ್ತಾನ ಮೂರನೆಯ ಮಹಮ್ಮದನ ಆಜ್ಞೆಯಿಂದ ವಧೆಗೊಂಡನು. ಆಧಾರವೆಂದು ತೋರಿಸಿದುದು ಒಂದು ಪತ್ರ: ಒಡಿಶಾದ ಗಜಪತಿಯನ್ನು ದಂಡೆತ್ತಿ ಬರುವಂತೆ ಕರೆದ ಒಕ್ಕಣೆ, ಕೆಳಗೆ ಗವಾನನ ಮುದ್ರೆ. ಮುದ್ರೆ ತನ್ನದೇ, ಬರಹ ಮಾತ್ರ ತನಗೆ ತಿಳಿಯದೆಂದು ಅವನು ಹೇಳಿದನೆಂದು ಫೆರಿಶ್ತಾ ಎಂಬ ಇತಿಹಾಸಕಾರನು ಬರೆದಿದ್ದಾನೆ.

ಈ ಕಥೆಯನ್ನು ಎತ್ತಿಕೊಂಡ ಹೊಸ ಲೇಖಕನು ಸಾಮಾನ್ಯವಾಗಿ ಕತ್ತಿಯಿಂದ ಪ್ರಾರಂಭಿಸುತ್ತಾನೆ. ನಗಾರಿ, ಕೊಲೆಗಾರನ ಹೆಜ್ಜೆ, ಒಂದು ಚೀತ್ಕಾರ, ಆಮೇಲೆ ಶೀರ್ಷಿಕೆ. ಇದರಲ್ಲಿ ಎರಡು ದೋಷಗಳಿವೆ. ಮನುಷ್ಯನ ಮರಣವು ಗಿರಾಕಿಯನ್ನು ಕರೆಯುವ ಗಂಟೆಯಾಗುತ್ತದೆಂಬುದು ಒಂದು. ಒಗಟು ಇರುವುದು ಕತ್ತಿಯಲ್ಲಲ್ಲ, ಕಾಗದದಲ್ಲಿ ಎಂಬುದು ಮತ್ತೊಂದು. ಯಾರು ಕೊಂದರೆಂಬುದು ಎಲ್ಲರಿಗೂ ಗೊತ್ತು. ಆ ಪತ್ರವನ್ನು ಬರೆಯಿಸಿದವರಾರೆಂಬುದೇ ಪ್ರಶ್ನೆ. ಆದುದರಿಂದ ಪ್ರಾರಂಭವು ಒಗಟು ಹುಟ್ಟಿದ ಕ್ಷಣದಲ್ಲಿರಬೇಕು. ಫೆರಿಶ್ತಾ ಹೇಳುವಂತೆ, ಗವಾನನ ಮುದ್ರೆಯನ್ನು ಕಾಯುತ್ತಿದ್ದ ಸೇವಕನಿಗೆ ಮದ್ಯವನ್ನು ಕುಡಿಸಿ, ಮಡಿಸಿದ ಕಾಗದವೊಂದನ್ನು ಅವನ ಮುಂದಿಟ್ಟರು. ಅವನು ಬಿಚ್ಚಿ ನೋಡದೆ ಮುದ್ರೆಯೊತ್ತಿದನು. ನಾವು ಇದನ್ನು ಹೀಗೆ ಬರೆಯುತ್ತೇವೆ:

“ಮೇಜಿನ ಮೇಲೆ ಮಡಿಸಿದ ಒಂದು ಕಾಗದ. ಅದರ ಮುಂದೆ, ಕಣ್ಣು ಭಾರವಾದ ಒಬ್ಬ ಸೇವಕ. ಅವನ ಬಳಿ ರಾಜ್ಯದ ಪ್ರಧಾನಿಯ ಮುದ್ರೆ. ಪರಿಚಿತರೇ ಕೇಳುತ್ತಿದ್ದಾರೆ, ದಿನಕ್ಕೆ ಎಷ್ಟೋ ಕಾಗದಗಳಿಗೆ ಒತ್ತಿದ ಮುದ್ರೆ. ಅವನು ಒತ್ತುತ್ತಾನೆ. ನೂರಾರು ವರ್ಷಗಳ ಹಿಂದೆ ಫೆರಿಶ್ತಾ ಬರೆದಿಟ್ಟುದು ಇದು. ಮುದ್ರೆ ಬಿದ್ದಾಗ ಆ ಹಾಳೆಯಲ್ಲಿ ಒಂದಕ್ಷರವೂ ಇರಲಿಲ್ಲವಂತೆ.”

ನಿಧಾನವಾಗಿ ಓದಿದರೂ ಇದಕ್ಕೆ ಒಂದು ನಿಮಿಷ ಹಿಡಿಯದು. ವಾಚಕರು ಮೂರು ಅಂಶಗಳನ್ನು ಗಮನಿಸಬೇಕು. ಇದರಲ್ಲಿ ರಕ್ತವಿಲ್ಲ. ಸೇವಕನ ಬಾಯಲ್ಲಿ ನಾವು ಕಲ್ಪಿಸಿದ ಮಾತಿಲ್ಲ. ಇದನ್ನು ಹೇಳಿದವನಾರೆಂಬುದು ಆ ನಿಮಿಷದೊಳಗೇ ಬಂದಿದೆ. ಈ ಮೂರನೆಯದನ್ನು ಅನೇಕರು ಕಂತಿನ ಕೊನೆಗೆ ತಳ್ಳುತ್ತಾರೆ. ಅದು ತಪ್ಪು, ಮೊದಲ ನಿಮಿಷದಲ್ಲಿ ಕಣ್ಣಾರೆ ಕಂಡಂತೆ ಕೇಳಿದುದು ಕೇಳುಗನ ಮನಸ್ಸಿನಲ್ಲಿ ಸತ್ಯವೆಂದೇ ಬೇರೂರುತ್ತದೆ, ಆಮೇಲಿನ ತಿದ್ದುಪಡಿಯು ಅಲ್ಲಿಗೆ ಮುಟ್ಟುವುದಿಲ್ಲ. ಈ ಕಥೆಯಲ್ಲಂತೂ ಎಚ್ಚರಿಕೆ ಹೆಚ್ಚು ಬೇಕು. ಫೆರಿಶ್ತಾ ಬರೆದುದು ಘಟನೆಯಾಗಿ ನೂರಕ್ಕೂ ಹೆಚ್ಚು ವರ್ಷಗಳಾದ ಮೇಲೆ, ಬಿಜಾಪುರದ ಆದಿಲಶಾಹಿ ಅರಸನ ಆಶ್ರಯದಲ್ಲಿ. ಆ ವಂಶದ ಮೂಲಪುರುಷನಾದ ಯೂಸುಫನು ಗವಾನನ ಪಕ್ಷದವನು. ಸಂಚಿನ ಮುಖ್ಯನೆಂದು ಹೆಸರಿಸಲ್ಪಡುವ ಮಲಿಕ್ ಹಸನನ ಮಗನಾದರೋ ಅಹಮದನಗರದ ನಿಜಾಮಶಾಹಿಯನ್ನು ಸ್ಥಾಪಿಸಿದವನು. ಸಾಕ್ಷಿ ಹೇಳುವವನ ಮನೆಯ ಕಿಟಕಿ ಯಾವ ಕಡೆಗೆ ತೆರೆದಿದೆಯೆಂಬುದನ್ನು ಕೇಳುಗನು ತಿಳಿದಿರಬೇಡವೇ?

ನಡುಭಾಗದಲ್ಲಿ ಕಾರಣವನ್ನು ಹೇಳಬೇಕು. ನಾಲ್ಕು ಪ್ರಾಂತ್ಯಗಳಿದ್ದುದನ್ನು ಗವಾನನು ಎಂಟಾಗಿ ಒಡೆದನು. ಪ್ರಾಂತ್ಯಾಧಿಕಾರಿಯ ಕೈಯಲ್ಲಿ ಒಂದೇ ಕೋಟೆಯನ್ನುಳಿಸಿ, ಮಿಕ್ಕವನ್ನು ಸುಲ್ತಾನನ ನೇಮಕದವರಿಗೆ ವಹಿಸಿದನು. ದೊಡ್ಡವರ ಹೊಟ್ಟೆಗೂ ಹೆಮ್ಮೆಗೂ ಏಟು ಬಿತ್ತು. ಜತೆಗೆ ದಖ್ಖನಿಗರೆಂದೂ ಹೊರನಾಡಿಗರೆಂದೂ ದರ್ಬಾರಿನಲ್ಲಿ ಎರಡು ಪಂಗಡಗಳಿದ್ದುವು; ಗವಾನನು ಪರ್ಷಿಯದ ಗೀಲಾನಿನಿಂದ ಬಂದವನು. ಇಷ್ಟು ಹೇಳಿದರೆ ದ್ವೇಷದ ಬೇರು ಕಾಣುತ್ತದೆ. ಇಲ್ಲಿ ಲೇಖಕನು ಇನ್ನೊಂದು ಬದಿಗೆ ಜಾರಬಹುದು: ಗವಾನನನ್ನು ಋಷಿಯನ್ನಾಗಿ ಮಾಡುವುದು. ಗೋವೆಯ ಮೇಲೂ ಬೆಳಗಾವಿಯ ಮೇಲೂ ನಡೆದ ಯುದ್ಧಗಳನ್ನೂ ಅವನ ವಿದ್ಯಾಪ್ರೀತಿಯೊಂದಿಗೆ ಹೇಳಿದರೆ ಮನುಷ್ಯನು ಮನುಷ್ಯನಾಗಿಯೇ ಉಳಿಯುತ್ತಾನೆ. ಸಂಚುಗಾರರನ್ನೂ ಜಾಣತನದ ಮೂರ್ತಿಗಳೆಂದು ಕೊಂಡಾಡಲಾಗದು. ಅವರು ಮಾಡಿದುದು ಕುಡಿದವನೊಬ್ಬನನ್ನು ವಂಚಿಸಿದ ಕೆಲಸ.

ಇನ್ನು ಕಂತಿನ ಮುಕ್ತಾಯ. ನಿಲ್ಲಿಸಬಹುದಾದ ಸ್ಥಳಗಳು ಮೂರು. ದ್ರೋಹಿಗೆ ಯಾವ ಶಿಕ್ಷೆಯೆಂದು ಸುಲ್ತಾನನು ಗವಾನನನ್ನೇ ಕೇಳುವಲ್ಲಿ ನಿಲ್ಲಿಸಬಹುದು. ಎತ್ತಿದ ಕತ್ತಿಯಲ್ಲಿ ನಿಲ್ಲಿಸಬಹುದು. ಮೊದಲನೆಯದು ಬಲೆಗೆ ಬಿದ್ದವನನ್ನು ವಾರವೆಲ್ಲ ಬಲೆಯಲ್ಲಿರಿಸಿ ನೋಡಿದಂತೆ. ಎರಡನೆಯದು ಸುಳ್ಳು ಕುತೂಹಲ, ಏಕೆಂದರೆ ಫಲವು ಶಾಲೆಯ ಪುಸ್ತಕದಲ್ಲಿಯೇ ಇದೆ. ನಾವು ಆರಿಸುವುದು ಮೂರನೆಯದನ್ನು. ಮರಣವನ್ನು ಒಂದೇ ಸರಳ ವಾಕ್ಯದಲ್ಲಿ, ಸಂಗೀತವಿಲ್ಲದೆ ಹೇಳಿ ಮುಂದೆ ಸಾಗಬೇಕು. ಆಮೇಲೆ ಸುಲ್ತಾನನು ಗವಾನನ ಕೋಶಾಧಿಕಾರಿಯನ್ನು ಕರೆಯಿಸಿ ಐಶ್ವರ್ಯವೆಷ್ಟೆಂದು ವಿಚಾರಿಸುತ್ತಾನೆ, ಎಣಿಸಿದರೆ ಹೇಳಿಕೊಳ್ಳುವಷ್ಟಿಲ್ಲ. ಆಗ ಆ ಅಧಿಕಾರಿಯೇ ಧೈರ್ಯಮಾಡಿ ಕೇಳಿದನೆಂದು ಫೆರಿಶ್ತಾ ಹೇಳುತ್ತಾನೆ: ಈ ಪತ್ರವನ್ನು ಒಡಿಶಾಕ್ಕೆ ಒಯ್ಯುತ್ತಿದ್ದವನಾರು, ಅವನನ್ನೇಕೆ ಕರೆದು ಕೇಳಲಿಲ್ಲ? ಕಂತು ಇಲ್ಲಿಯೇ ನಿಲ್ಲಲಿ.

ಈ ಮುಕ್ತಾಯವು ಪ್ರಾಮಾಣಿಕವೇ ಎಂದು ತಿಳಿಯಲು ಒಂದು ಪರೀಕ್ಷೆಯಿದೆ. ಮುಂದಿನ ಕಂತಿನ ಮೊದಲ ನಿಮಿಷವನ್ನು ಈಗಲೇ ಬರೆದು ನೋಡಬೇಕು. ಅಲ್ಲಿ ಪ್ರಶ್ನೆಗೆ ಉತ್ತರವಾಗಲಿ, ಉತ್ತರವಿಲ್ಲವೆಂಬ ಸ್ಪಷ್ಟ ನುಡಿಯಾಗಲಿ ಬಾರದೆ, ಬಾಗಿಲು ಬಡಿದವನು ನೆರೆಯವನೆಂಬಂಥ ಜಾರಿಕೆ ಬಂದರೆ ಕೇಳುಗನಿಗೆ ಮೋಸವಾಗಿದೆ. ನಮ್ಮ ಕಂತಿನ ಮುಂದಿನ ಮೊದಲ ಮಾತು ಹೀಗಿರುವುದು: ಸುಲ್ತಾನನು ಪತ್ರವಾಹಕನನ್ನು ತರಿಸೆಂದನು; ಸಂಚುಗಾರರು ಯಾರನ್ನೂ ಮುಂದೆ ನಿಲ್ಲಿಸಲಾರದೆ ಹೋದರು. ಒಂದು ವರ್ಷ ತುಂಬುವುದರೊಳಗೆ, 1482ರ ಮಾರ್ಚಿಯಲ್ಲಿ, ಸುಲ್ತಾನನೂ ತೀರಿಕೊಂಡನು. ಮುಂದೆ ರಾಜ್ಯವು ಒಡೆದು ಐದು ಪಾಲಾಯಿತು.

ಪತ್ರದ ಒಕ್ಕಣೆಯನ್ನು ಬರೆದ ಕೈ ಯಾರದೆಂಬುದಕ್ಕೆ ಕೊನೆಯ ಕಂತು ಕೂಡ ಒಬ್ಬನ ಹೆಸರನ್ನು ಆಣೆಯಿಟ್ಟು ಹೇಳಬಾರದು. ಮಲಿಕ್ ಹಸನನ ಮೇಲಿನ ಸಂಶಯವನ್ನೂ, ಆ ಸಂಶಯವನ್ನು ನಮಗೆ ಒಪ್ಪಿಸಿದವರ ನಂಟನ್ನೂ ಪಕ್ಕಪಕ್ಕದಲ್ಲಿಟ್ಟು ಬಿಡಬೇಕು. ಓದದೆ ಮುದ್ರೆಯೊತ್ತಿದವನಿಂದ ಒಂದು ಜೀವ ಹೋಯಿತು. ಬರೆಯುವವನೂ ತಾನರಿಯದುದರ ಮೇಲೆ ತನ್ನ ಮುದ್ರೆಯನ್ನೊತ್ತದಿರಲಿ.