ಅರ್ಜಿಗೆ ಮೊದಲು ಬಾವಿಗೆ ಟೇಪು ಇಳಿಸಿ
ಕಟ್ಟಕ್ಕೆ ನೆರವು ಕೇಳಲು ಹೋಗಿ ನಾವು ಕಲಿತದ್ದು

ನಮ್ಮೂರ ತೋಡಿಗೆ ಹಿಂದೆ ವರ್ಷವರ್ಷವೂ ಕಟ್ಟ ಹಾಕುತ್ತಿದ್ದರು. ಆಳು ಸಿಗದಾದಾಗ, ಕೊಳವೆಬಾವಿಗಳು ಬಂದಾಗ ಅದು ನಿಂತೇ ಹೋಯಿತು. ಈಗ ಮಾರ್ಚ್ ಕಳೆದರೆ ಬಾವಿಯಲ್ಲಿ ಪಂಪು ಅರ್ಧ ಗಂಟೆ ಓಡುವುದೂ ಕಷ್ಟ. ಐದು ಕಟ್ಟಗಳನ್ನು ಮತ್ತೆ ಹಾಕೋಣವೆಂದು 30 ಮನೆಯವರು ಸೇರಿದೆವು. ಖರ್ಚಿಗೆ ಒಂದು ಕಂಪೆನಿಯ ಸಾಮಾಜಿಕ ನಿಧಿಯನ್ನು ಕೇಳುವುದೆಂದಾಯಿತು.

ಕಾಗದದ ಅರ್ಜಿ ಸಾಲದು, ಪರದೆಯ ಮೇಲೆ ತೋರಿಸುವ ಹತ್ತು ಪುಟ ತನ್ನಿ ಎಂದರು. ಮಕ್ಕಳು ಚಂದವಾಗಿ ಮಾಡಿಕೊಟ್ಟರು. ಒಣಗಿದ ತೋಟದ ಫೋಟೋ, 'ನೀರೇ ಜೀವ' ಎಂಬ ದೊಡ್ಡ ಅಕ್ಷರ. ನೋಡಿದ ಅಧಿಕಾರಿ ಮೂರೇ ಪ್ರಶ್ನೆ ಕೇಳಿದರು: "ಬಾವಿಯಲ್ಲಿ ನೀರು ಎಷ್ಟು ಅಡಿಗಿಳಿದಿದೆ? ಕಟ್ಟ ಹಾಕಿದ್ರೆ ಎಷ್ಟು ಏರ್ತದೆ? ಏರಿದ್ದು ಕಟ್ಟದಿಂದಲೇ ಅಂತ ಹೇಗೆ ಹೇಳ್ತೀರಿ?" ನಮ್ಮಲ್ಲಿ ಉತ್ತರ ಇರಲಿಲ್ಲ. ಅದು ಜೂನ್ ತಿಂಗಳು, ಬಾವಿಗಳೆಲ್ಲ ತುಂಬುತ್ತಿದ್ದವು. ಬೇಸಿಗೆಯ ನೀರಿನ ಮಟ್ಟವನ್ನು ಮಳೆಗಾಲದಲ್ಲಿ ಅಳೆಯುವುದು ಹೇಗೆ? ಹಾಗೆ ಒಂದು ಇಡೀ ವರ್ಷ ಕೈತಪ್ಪಿತು.

ಅಗತ್ಯ: ಫೋಟೋ ಅಲ್ಲ, ಅಳತೆ

ಆ ವರ್ಷ ಕಟ್ಟವಿಲ್ಲದೆಯೇ ಅಳತೆ ಸುರು ಮಾಡಿದೆವು. ತೋಡಿನ ಬದಿಯ 12 ಬಾವಿ, ತೋಡಿನಿಂದ ದೂರ ಗುಡ್ಡದ ಮಗ್ಗುಲಲ್ಲಿರುವ 8 ಬಾವಿ. ಪ್ರತಿ ಬಾವಿಯ ಕಟ್ಟೆಗೆ ಒಂದು ಕಡೆ ಬಣ್ಣದ ಗೆರೆ. ದಶಂಬರದಿಂದ ಮೇವರೆಗೆ ಪ್ರತಿ ತಿಂಗಳ ಒಂದನೇ ತಾರೀಕು ಆ ಗೆರೆಯಿಂದ ನೀರಿನವರೆಗೆ ಟೇಪು ಇಳಿಸಿ ಅಳೆಯುವುದು. ಬೆಳಗ್ಗೆ ಪಂಪು ಹಾಕುವ ಮೊದಲೇ ಅಳೆಯಬೇಕು. ಪಂಪು ಓಡಿದ ಮೇಲೆ ಅಳೆದರೆ ಆ ಲೆಕ್ಕ ಬಾವಿಯದ್ದಲ್ಲ, ಪಂಪಿನದ್ದು.

ದೂರದ ಬಾವಿಗಳು ಯಾಕೆಂದು ನಮ್ಮವರೇ ಕೇಳಿದ್ದುಂಟು. ಕಟ್ಟ ಹಾಕಿದ ವರ್ಷ ಒಳ್ಳೆಯ ಮಳೆಯಾದರೆ ಎಲ್ಲ ಬಾವಿಗಳಲ್ಲೂ ನೀರು ಹೆಚ್ಚು. ಆಗ ಹೊಗಳಿಕೆ ಕಟ್ಟಕ್ಕೋ ಮಳೆಗೋ? ಕಟ್ಟದ ನೀರು ತಲುಪದ ಬಾವಿಗಳು ಮಳೆಯ ಪಾಲನ್ನು ತೋರಿಸುತ್ತವೆ.

ಎರಡನೇ ಸಲ 'ಅಗತ್ಯ' ಎಂಬ ಪುಟದಲ್ಲಿ ಇದ್ದದ್ದು ಕೈಯಲ್ಲಿ ಬರೆದ ತೋಡಿನ ನಕ್ಷೆ ಮತ್ತು ಒಂದು ಸಾಲು: ಎಪ್ರಿಲ್ ಒಂದಕ್ಕೆ ತೋಡಿನ ಬದಿಯ ಬಾವಿಗಳಲ್ಲಿ ನೀರು ಸರಾಸರಿ 29 ಅಡಿ ಕೆಳಗೆ, ದೂರದವುಗಳಲ್ಲಿ 31 ಅಡಿ ಕೆಳಗೆ.

ಕೆಲಸ ಮತ್ತು ತಿಂಗಳು

ಕೆಲಸದ ಪುಟಕ್ಕೆ ತಿಂಗಳು ಸೇರದಿದ್ದರೆ ಅದು ಬರೀ ಆಸೆ. ನಮ್ಮದು ಹೀಗಿತ್ತು: ನವೆಂಬರಿನಲ್ಲಿ ಚೀಲ, ಮಣ್ಣು ತರುವುದು. ಹರಿವು ಕಡಿಮೆಯಾದಂತೆ ದಶಂಬರದೊಳಗೆ ಐದೂ ಕಟ್ಟ ಮುಗಿಸುವುದು. ಬೇಗ ಹಾಕಿದರೆ ಅಕಾಲ ಮಳೆಗೆ ಕೊಚ್ಚಿಹೋಗುತ್ತದೆ, ತಡವಾದರೆ ನಿಲ್ಲಿಸಲು ನೀರೇ ಇರುವುದಿಲ್ಲ. ಮೇ ಕೊನೆಗೆ ಬಿಚ್ಚುವುದು.

ಬಿಚ್ಚುವ ಕೆಲಸ ಮೊದಲ ಅರ್ಜಿಯಲ್ಲಿ ಇರಲೇ ಇಲ್ಲ! ಬಿಚ್ಚದೆ ಬಿಟ್ಟರೆ ಮೊದಲ ನೆರೆಗೆ ಹರಿದ ಚೀಲಗಳೆಲ್ಲ ಕೆಳಗಿನವರ ಗದ್ದೆಗೆ. ಟಾರ್ಪಾಲೂ ಹೋದ ಹಾಗೆಯೇ.

ಒಂದು ಕಟ್ಟದ ಲೆಕ್ಕ

ಬಜೆಟನ್ನು ಮೇಲಿನಿಂದ ಕೆಳಗೆ ಮಾಡಬಾರದು. 'ಒಂದು ಲಕ್ಷ ಕೇಳೋಣ, ಆಮೇಲೆ ಹಂಚೋಣ' ಎಂದರೆ ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತೇವೆ. ಒಂದು ಕಟ್ಟದಿಂದ ಸುರು ಮಾಡಬೇಕು.

ತೋಡಿನ ಅಗಲ 20 ಅಡಿ, ಕಟ್ಟದ ಎತ್ತರ 4 ಅಡಿ. ಒಂದು ವರಸೆಗೆ 16 ಚೀಲದಂತೆ ಹತ್ತು ವರಸೆ, ಇಂಥ ಎರಡು ಗೋಡೆ, ನಡುವೆ ಮಣ್ಣು. ಹರಿದದ್ದು, ಹಾಳಾದದ್ದು ಸೇರಿ 350 ಚೀಲ. ನಮ್ಮಲ್ಲಿನ ದರದಲ್ಲಿ ಚೀಲಕ್ಕೆ 3,500 ರೂಪಾಯಿ, ಟಾರ್ಪಾಲಿಗೆ 2,600, ಮಣ್ಣು ತರಲು 3,000, 700ರಂತೆ 12 ಆಳಿಗೆ 8,400. ಒಟ್ಟು 17,500. ಐದಕ್ಕೆ 87,500.

ಬಿಚ್ಚಲು ಕಟ್ಟಕ್ಕೆ ನಾಲ್ಕು ಆಳಿನಂತೆ 14,000. ಬಾವಿ ಅಳೆಯುವ ಹುಡುಗನಿಗೆ ಆರು ದಿನದ ಸಂಬಳ, ಟೇಪು ಸೇರಿ 5,000. ಲೆಕ್ಕಪರಿಶೋಧನೆಗೆ 6,000. ಎಲ್ಲ ಕೂಡಿ 1,12,500. ಇದರಲ್ಲಿ ಕಟ್ಟಕ್ಕೆ ಆರು ಆಳಿನ ಕೆಲಸ ನಮ್ಮದೇ ಶ್ರಮದಾನ, ಅಂದರೆ 21,000. ಕೇಳಿದ್ದು 91,500, ಮನೆಗೆ 3,050.

ಶ್ರಮದಾನವನ್ನು ರೂಪಾಯಿಯಲ್ಲಿ ತೋರಿಸಲು ನಮಗೆ ಸಂಕೋಚವಿತ್ತು. ಆದರೆ ಆ ಸಾಲನ್ನೇ ಅಧಿಕಾರಿ ಎರಡು ಸಲ ಓದಿದರು. ಒಂದು ಎಚ್ಚರಿಕೆ: ತೋರಿಸಿದ ಮೇಲೆ ಬಂದವರ ಹೆಸರು, ಸಹಿ ಇರುವ ಪುಸ್ತಕ ಇಡಬೇಕು.

ಫಲಿತಾಂಶ ಯಾವುದು?

ಮೊದಲ ಸಲ ನಾವು 'ಐದು ಕಟ್ಟ' ಎಂಬುದನ್ನೇ ಫಲಿತಾಂಶವೆಂದು ಬರೆದಿದ್ದೆವು. ಅದು ಮಾಡಿದ ಕೆಲಸ. ಅದರಿಂದ ಆದ ಬದಲಾವಣೆ ಫಲಿತಾಂಶ. ಎರಡನೇ ಸಲ ಬರೆದದ್ದು: 'ಎಪ್ರಿಲ್ ಒಂದಕ್ಕೆ ತೋಡಿನ ಬದಿಯ ಬಾವಿಗಳ ನೀರು, ಮಳೆಯ ಪಾಲು ಕಳೆದು, ಸರಾಸರಿ 2 ಅಡಿ ಮೇಲಿರಬೇಕು.'

'ಅಡಿಕೆ ಇಳುವರಿ ಹೆಚ್ಚಾಗ್ತದೆ ಅಂತಲೂ ಹಾಕಿ' ಎಂದವರಿದ್ದರು. ಹಾಕಲಿಲ್ಲ. ಈ ಬೇಸಿಗೆ ಕೊಟ್ಟ ನೀರಿನ ಫಲ ಒಂದೇ ವರ್ಷದ ಲೆಕ್ಕಕ್ಕೆ ಸಿಗದು. ನಡುವೆ ಕೊಳೆರೋಗ ಬಂದರೆ ಕಟ್ಟ ಚೆನ್ನಾಗಿದ್ದೂ ನಾವು ಸೋತಂತೆ. ನಮ್ಮ ಕೈಯಲ್ಲಿರುವುದನ್ನು ಮಾತ್ರ ಮಾತು ಕೊಡುವುದು ಕ್ಷೇಮ.

ಕಟ್ಟ ಹಾಕಿದ ವರ್ಷ ತೋಡಿನ ಬದಿಯ ಬಾವಿಗಳಲ್ಲಿ ನೀರು 24 ಅಡಿಗೆ ಸಿಕ್ಕಿತು, ಅಂದರೆ 5 ಅಡಿ ಏರಿತು. ದೂರದವುಗಳಲ್ಲಿ 29, ಅಲ್ಲೂ 2 ಅಡಿ ಏರಿಕೆ. ಆ 2 ಮಳೆಯದ್ದು. ಕಟ್ಟದ್ದು ಉಳಿದ 3. ವರದಿಯಲ್ಲಿ 5 ಎಂದು ಬರೆಯಬಹುದಿತ್ತು, ಬರೆಯಲಿಲ್ಲ. 12ರಲ್ಲಿ ಎರಡು ಬಾವಿಗಳಲ್ಲಿ ಏನೂ ಬದಲಾಗಲಿಲ್ಲ. ಅದನ್ನೂ ಬರೆದೆವು.

ಕಾಗದಪತ್ರ, ಮುಂದಿನ ವರ್ಷ

ನಮ್ಮ ಗುಂಪು ನೋಂದಣಿಯಾದದ್ದಲ್ಲ. ನಾವು ಅರ್ಜಿ ಹಾಕಿದಾಗ ಕಂಪೆನಿಗಳ ಸಾಮಾಜಿಕ ನಿಧಿ ಪಡೆಯುವ ಟ್ರಸ್ಟಿಗೆ 12ಎ ಮತ್ತು 80ಜಿ ನೋಂದಣಿ, ಇಂಥ ಕೆಲಸದಲ್ಲಿ ಮೂರು ವರ್ಷದ ಅನುಭವ ಬೇಕಿತ್ತು. 2021ರ ಎಪ್ರಿಲಿನಿಂದ ಸಿಎಸ್‌ಆರ್-1 ಎಂಬ ನೋಂದಣಿಯೂ ಕಡ್ಡಾಯ. ಹೊಸ ಟ್ರಸ್ಟ್ ಮಾಡಹೊರಟರೆ ಮೂರು ವರ್ಷ ಕಾಯಬೇಕು. ಹಾಗಾಗಿ ಇವೆಲ್ಲ ಇದ್ದ ಹತ್ತಿರದ ಒಂದು ಟ್ರಸ್ಟಿನ ಹೆಸರಲ್ಲೇ ಅರ್ಜಿ ಹಾಕಿದೆವು.

ಕೊನೆಯ ಪುಟ 'ಮುಂದಿನ ವರ್ಷ ಏನು?' ಚೀಲ ಬಿಸಿಲಿಗೆ ಒಂದೇ ಬೇಸಿಗೆಯಲ್ಲಿ ಪುಡಿಯಾಗುತ್ತದೆ. ಟಾರ್ಪಾಲನ್ನು ತೊಳೆದು ಒಣಗಿಸಿ ಅಟ್ಟದಲ್ಲಿಟ್ಟರೆ ಮತ್ತೆ ಬರುತ್ತದೆ. ಚೀಲ ಮತ್ತು ಮಣ್ಣಿಗೆ ಐದು ಕಟ್ಟಕ್ಕೆ 32,500 ಬೇಕು. ಮನೆಗೆ ಸಾವಿರದ ಚಿಲ್ಲರೆ. ಆಳು ನಾವೇ. ಈ ನವೆಂಬರಿಗೆ ಇಪ್ಪತ್ತಾರು ಮನೆಯವರು ಹಣ ಕೊಟ್ಟಿದ್ದಾರೆ. ನೀರು ಏರದ ಆ ಎರಡು ಬಾವಿಯವರೂ ಅದರಲ್ಲಿದ್ದಾರೆ.